ಪೂಲ್ ದೊಡ್ಡದು ಮಾಡಿದರೂ ಗೋಡೆ ಮಬ್ಬು! ಓಪನ್ ವರ್ಲ್ಡ್ ಟೆಕ್ಸ್ಚರ್ ಸ್ಟ್ರೀಮಿಂಗ್ ಗೋಳು

ಗೋಡೆಗುದ್ದಿದವ

ಎಲ್ಲರಿಗೂ ನಮಸ್ಕಾರ. ಮೂರೇ ಜನ ಸೇರಿ ಅನ್‌ರಿಯಲ್‌ನಲ್ಲಿ ಒಂದು ಓಪನ್ ವರ್ಲ್ಡ್ ಆಟ ಮಾಡುತ್ತಿದ್ದೇವೆ. ಆಟಗಾರ ಬೈಕ್ ಹತ್ತಿ ಊರೂರು ಸುತ್ತಬೇಕು. ತೊಂದರೆ ಶುರುವಾಗುವುದು ಊರೊಳಗೆ ನುಗ್ಗಿದಾಗ. ರಸ್ತೆ ಪಕ್ಕದ ಗೋಡೆಗಳೆಲ್ಲ ಸೋಪಿನ ನೀರು ಬಳಿದ ಹಾಗೆ ಮಬ್ಬಾಗಿರುತ್ತವೆ. ಒಂದೆರಡು ಸೆಕೆಂಡ್ ಆದ ಮೇಲೆ ಟಕ್ ಅಂತ ಚೊಕ್ಕ ಆಗುತ್ತವೆ. ಅಷ್ಟರಲ್ಲಿ ಬೈಕ್ ಮುಂದಿನ ಬೀದಿಗೆ ಹೋಗಿರುತ್ತದೆ.

6 ಜಿಬಿ ಕಾರ್ಡ್‌ನಲ್ಲಿ ಓಡಬೇಕು ಅನ್ನುವುದು ನಮ್ಮ ಗುರಿ. ಟೆಕ್ಸ್ಚರ್‌ಗೆ ಅಂತ ಮೀಸಲಿಟ್ಟ ಮೆಮೊರಿ, ಅಂದರೆ ಪೂಲ್, 1500 ಎಂಬಿ ಇತ್ತು. ಪರದೆ ಮೇಲೆ `TEXTURE STREAMING POOL OVER` ಅನ್ನುವ ಕೆಂಪು ಸಾಲು ಯಾವಾಗಲೂ ಇರುತ್ತಿತ್ತು. ಸರಿ ಅಂತ 2500ಕ್ಕೆ ಏರಿಸಿದೆ. ಮಬ್ಬು ಸ್ವಲ್ಪ ಕಮ್ಮಿ ಆಯಿತು, ಆದರೆ ಈಗ ತಿರುವಿನಲ್ಲಿ ಆಟವೇ ತಡವರಿಸುತ್ತದೆ. ಮೆಮೊರಿ ಕಮ್ಮಿ ಇಟ್ಟುಕೊಂಡು, ಮಬ್ಬೂ ಕಾಣದ ಹಾಗೆ ಮಾಡುವುದು ಸಾಧ್ಯವೇ ಇಲ್ಲವಾ?

ಎಲ್ಲದಕ್ಕೂ_ಎಸ್ಎಸ್‌ಡಿ

ಡಿಸ್ಕ್ ಯಾವುದು? ಹಳೇ ತಿರುಗೋ ಡಿಸ್ಕ್ ಇದ್ದರೆ ಇಷ್ಟೇ ಗತಿ. ಎಸ್ಎಸ್‌ಡಿ ಕಡ್ಡಾಯ ಅಂತ ಬರೆದುಬಿಡಿ, ಮುಗೀತು.

ಲೈವ್‌ರಾಜ

ನನಗೂ ಇದೇ ತೊಂದರೆ ಇತ್ತು. ಸ್ಟ್ರೀಮಿಂಗ್ ಮಾಡುವಾಗ ಓಡುವ ದೃಶ್ಯ ಎಲ್ಲ ಮಬ್ಬು. ಬಿಟ್‌ರೇಟ್ 6000ಕ್ಕೆ ಏರಿಸಿ, ವೈಫೈ ಬಿಟ್ಟು ಕೇಬಲ್ ಹಾಕಿ. ಸರಿ ಹೋಗುತ್ತದೆ.

ಸುಮ್ನೆ_ಓದುವವ

@ಲೈವ್‌ರಾಜ ಅಣ್ಣಾ, ಅದು ಬೇರೆ ಸ್ಟ್ರೀಮಿಂಗ್ 😄 ಇವರು ಡಿಸ್ಕಿಂದ ಕಾರ್ಡ್‌ಗೆ ಚಿತ್ರ ಸಾಗಿಸೋ ಮಾತಾಡ್ತಿದಾರೆ.

ಲೈವ್‌ರಾಜ

ಓಹ್. ಹೋಗಲಿ, ಕೇಬಲ್ ಆದರೂ ಹಾಕಿಕೊಳ್ಳಿ, ಒಳ್ಳೆಯದೇ.

ಹಳೇ_ಎಂಜಿನ್

ಪೂಲ್ ಮುಟ್ಟುವ ಮೊದಲು ಒಂದು ವಿಷಯ ಗೊತ್ತಾಗಬೇಕು. ಮಬ್ಬಿಗೆ ಕಾರಣ ಮೂರು ಥರ ಇರುತ್ತದೆ. ಮೂರಕ್ಕೂ ಮದ್ದು ಬೇರೆ. ಮೊದಲನೆಯದು, ಬೇಡದ್ದನ್ನು ಕೇಳಿ ಪೂಲ್ ತುಂಬಿಸಿಕೊಂಡು, ಬೇಕಾದ್ದಕ್ಕೆ ಜಾಗ ಇಲ್ಲದೆ ಹೋಗುವುದು. ಎರಡನೆಯದು, ಸರಿಯಾದ್ದನ್ನೇ ಕೇಳಿದರೂ ತಡವಾಗಿ ಕೇಳುವುದು. ಮೂರನೆಯದು, ಸಮಯಕ್ಕೆ ಕೇಳಿದರೂ ಬರುವುದು ತಡ ಆಗುವುದು. ಎಸ್ಎಸ್‌ಡಿ ವಾಸಿ ಮಾಡುವುದು ಮೂರನೆಯದನ್ನು ಮಾತ್ರ, ಅದೂ ಅರ್ಧ.

ನಿಮ್ಮದು ಮೊದಲನೆಯದು ಅಂತ ನನ್ನ ಗುಮಾನಿ. ಕಾರಣ ಹೇಳುತ್ತೇನೆ. ನಿಮ್ಮ ಗೋಡೆಗೆ ಯಾವ ಅಳತೆ ಟೆಕ್ಸ್ಚರ್, ಎಷ್ಟು ಮೀಟರ್‌ಗೆ ಒಂದು ಸಲ ಸುತ್ತುತ್ತದೆ, ರಸ್ತೆಯಿಂದ ಗೋಡೆ ಎಷ್ಟು ದೂರ? ಅದನ್ನು ಹೇಳಿ. ಊರೊಳಗೆ ನಿಂತು ಇದನ್ನೂ ಹಾಕಿ ನೋಡಿ:

```
stat streaming
```

`Required Pool`, `Visible Mips`, `Hidden Mips` ಎಷ್ಟೆಷ್ಟು ಅಂತ ಬರೆಯಿರಿ.

ಗೋಡೆಗುದ್ದಿದವ

ಥ್ಯಾಂಕ್ಸ್ ಸರ್. ಟೆಕ್ಸ್ಚರ್ ಎಲ್ಲ 4096. ನಾಲ್ಕು ಮೀಟರ್ ಗೋಡೆಗೆ ಒಂದು ಸುತ್ತು. ರಸ್ತೆ ನಡುವಿನಿಂದ ಗೋಡೆಗೆ ಸುಮಾರು 4 ಮೀಟರ್. `Required Pool` 2900 ಚಿಲ್ಲರೆ ತೋರಿಸುತ್ತಿದೆ. ಅದರಲ್ಲಿ ಬಹುಪಾಲು `Visible Mips`. ಅಂದರೆ ಎಲ್ಲ ಕಣ್ಣಿಗೆ ಕಾಣುವುದೇ ಅಲ್ವಾ? ಹಾಗಾಗಿ ನಿಜವಾಗಿಯೂ ಬೇಕಾಗಿದೆ ಅಂದುಕೊಂಡೆ.

ಹಳೇ_ಎಂಜಿನ್

ಸರ್ ಅಲ್ಲ, ಮೇಡಂ. ಪರವಾಗಿಲ್ಲ 🙂

"ನಿಜವಾಗಿಯೂ ಬೇಕಾಗಿದೆ" ಅನ್ನುವುದನ್ನು ಒಂದು ಲೆಕ್ಕ ಹಾಕಿ ನೋಡೋಣ. 1080 ಸಾಲಿನ ಪರದೆ, ಮೇಲೆ ಕೆಳಗೆ 60 ಡಿಗ್ರಿ ನೋಟ ಅಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿರುವ ಒಂದು ಮೀಟರ್ ಉದ್ದದ ವಸ್ತು ಸುಮಾರು 935 ಪಿಕ್ಸೆಲ್ ತೆಗೆದುಕೊಳ್ಳುತ್ತದೆ. ದೂರ ಎರಡರಷ್ಟಾದರೆ ಅದು ಅರ್ಧ. ನಿಮ್ಮ ಗೋಡೆಗೆ ಮೀಟರ್‌ಗೆ 1024 ಟೆಕ್ಸೆಲ್ ಇದೆ. ಹಾಗಾಗಿ 4096ರ ಪೂರ್ತಿ ಅಳತೆಯ ಪ್ರತಿ, ಅಂದರೆ ಎಲ್ಲಕ್ಕಿಂತ ದೊಡ್ಡ ಮಿಪ್, ಬೇಕಾಗುವುದು ಗೋಡೆಗೆ ಮೂಗು ತಾಗಿಸಿ ನಿಂತಾಗ. ಸುಮಾರು 1.8 ಮೀಟರ್ ಆಚೆಗೆ 2048 ಸಾಕು. 3.7 ಮೀಟರ್ ಆಚೆಗೆ 1024 ಸಾಕು. 7.3 ದಾಟಿದರೆ 512, 14.6 ದಾಟಿದರೆ 256.

ನಿಮ್ಮ ಬೈಕ್ ರಸ್ತೆ ಬಿಟ್ಟು ಇಳಿಯದಿದ್ದರೆ ಗೋಡೆ 4 ಮೀಟರ್‌ಗಿಂತ ಹತ್ತಿರ ಬರುವುದೇ ಇಲ್ಲ. ಅಂದರೆ 1024ಕ್ಕಿಂತ ದೊಡ್ಡ ಮಿಪ್ ಕೇಳುವುದೇ ತಪ್ಪು. ಈಗ ತೂಕ ನೋಡಿ. ಬಿಸಿ7 ಕಂಪ್ರೆಶನ್‌ನಲ್ಲಿ ಟೆಕ್ಸೆಲ್‌ಗೆ ಒಂದು ಬೈಟ್. ಕೆಳಗಿನ ಮಿಪ್‌ಗಳೆಲ್ಲ ಸೇರಿ 4096ಕ್ಕೆ 21 ಎಂಬಿ ಮೇಲೆ. 1024ಕ್ಕೆ 1.3 ಎಂಬಿ. ಬಣ್ಣ, ನಾರ್ಮಲ್, ರಫ್‌ನೆಸ್ ಅಂತ ಮೂರು ಸೇರಿಸಿದರೆ ಒಂದು ಮೆಟೀರಿಯಲ್‌ಗೆ 64 ಎಂಬಿ ಎಲ್ಲಿ, 4 ಎಂಬಿ ಎಲ್ಲಿ. 24 ಮೆಟೀರಿಯಲ್ ಇದ್ದರೆ ಒಂದು ಕಡೆ 1536 ಎಂಬಿ, ಇನ್ನೊಂದು ಕಡೆ 96.

ನಿಮ್ಮ 1500ರ ಪೂಲ್ ಯಾರು ತಿಂದರು ಅಂತ ಈಗ ಅಂದಾಜು ಬಂತಲ್ಲ?

ಬಣ್ಣದ_ಡಬ್ಬಿ

ನಾನು ಆರ್ಟ್ ಕಡೆಯವಳು. ಹೀಗೆ ಲೆಕ್ಕ ಹಾಕಿ "4ಕೆ ಯಾಕೆ ಕೊಟ್ಟೆ" ಅಂತ ನಮ್ಮ ಮೇಲೆ ಬೀಳುತ್ತೀರಿ, ಆಮೇಲೆ ಕಟ್‌ಸೀನ್‌ನಲ್ಲಿ ಕ್ಯಾಮೆರಾ ಗೋಡೆಗೆ ಅಂಟಿಸಿ "ಯಾಕೆ ಮಬ್ಬು" ಅಂತಲೂ ಕೇಳುತ್ತೀರಿ. ಸ್ಟ್ರೀಮಿಂಗ್ ಇರುವುದೇ 4ಕೆ ಡಿಸ್ಕ್‌ನಲ್ಲಿದ್ದರೂ ತೊಂದರೆ ಇಲ್ಲದಿರಲಿ ಅಂತ ಅಲ್ವಾ?

ಹಳೇ_ಎಂಜಿನ್

@ಬಣ್ಣದ_ಡಬ್ಬಿ ನೂರಕ್ಕೆ ನೂರು ಒಪ್ಪುತ್ತೇನೆ. 4ಕೆ ಡಿಸ್ಕ್‌ನಲ್ಲಿ ಕೂತಿದ್ದರೆ ಮೆಮೊರಿಗೆ ಏನೂ ಭಾರ ಇಲ್ಲ. ತಪ್ಪು ನಿಮ್ಮದಲ್ಲ, ಅದನ್ನು ಸುಮ್ಮನೆ ಎಳೆದು ತರುತ್ತಿರುವ ಲೆಕ್ಕದ್ದು.

@ಗೋಡೆಗುದ್ದಿದವ ಆ ಗೋಡೆಗಳನ್ನು ಒಟ್ಟುಗೂಡಿಸಿ ಒಂದೇ ಮೆಶ್ ಮಾಡಿದ್ದೀರಾ?

ಗೋಡೆಗುದ್ದಿದವ

ಅಯ್ಯೋ. ಹೌದು ಮೇಡಂ. ಡ್ರಾ ಕಾಲ್ ಜಾಸ್ತಿ ಆಗ್ತಿದೆ ಅಂತ ಇಡೀ ಊರಿನ ಕಾಂಪೌಂಡ್ ಗೋಡೆಗಳನ್ನು ಒಂದೇ ಮೆಶ್ ಆಗಿ ಮರ್ಜ್ ಮಾಡಿದ್ದೆವು. ಸುಮಾರು 300 ಮೀಟರ್ ಅಗಲ.

ಹಳೇ_ಎಂಜಿನ್

ಸಿಕ್ಕಿತು.

ಎಂಜಿನ್ ದೂರ ಅಳೆಯುವುದು ಗೋಡೆಯ ಇಟ್ಟಿಗೆಗೆ ಅಲ್ಲ, ಆ ಮೆಶ್ ಸುತ್ತ ಇರುವ ಡಬ್ಬಿಗೆ. ನಿಮ್ಮ ಡಬ್ಬಿ ಇಡೀ ಊರಿನಷ್ಟು ದೊಡ್ಡದು. ಬೈಕ್ ಊರೊಳಗೆ ಬಂದ ಕ್ಷಣ ಕ್ಯಾಮೆರಾ ಡಬ್ಬಿಯ ಒಳಗೆ. ಒಳಗಿದ್ದರೆ ದೂರ ಸೊನ್ನೆ. ದೂರ ಸೊನ್ನೆ ಅಂದರೆ ಆ ಮೆಶ್‌ನ ಎಲ್ಲ 24 ಮೆಟೀರಿಯಲ್‌ಗಳ ದೊಡ್ಡ ಮಿಪ್ ಬೇಕು ಅಂತ ಅರ್ಥ. ಅದರಲ್ಲಿ ಇಪ್ಪತ್ತು ಮೆಟೀರಿಯಲ್ ಊರಿನ ಆಚೆ ಬದಿಯಲ್ಲಿ ಇರಬಹುದು. ಡಬ್ಬಿ ಪರದೆಯಲ್ಲಿ ಕಾಣುತ್ತಿದೆ ಅಂದ ಮೇಲೆ ಅವೆಲ್ಲ `Visible Mips` ಲೆಕ್ಕಕ್ಕೇ ಬರುತ್ತವೆ. ನೀವು ಮೋಸ ಹೋದದ್ದು ಅಲ್ಲಿ.

ಇನ್ನೊಂದು ಅನ್ಯಾಯ ಏನೆಂದರೆ, ಒಂದು ಟೆಕ್ಸ್ಚರ್ ಅನ್ನು ಹತ್ತು ಕಡೆ ಬಳಸಿದ್ದರೆ ಎಲ್ಲರಿಗಿಂತ ಜಾಸ್ತಿ ಕೇಳಿದವನ ಮಾತೇ ನಡೆಯುತ್ತದೆ. ಹಾಗಾಗಿ ಆ ಒಂದು ಮೆಶ್ ಸಾಕು ಎಲ್ಲ ಕೆಡಿಸಲು. ಪೂಲ್ ತುಂಬಿದ ಮೇಲೆ ನಿಜವಾಗಿ ಹತ್ತಿರ ಇರುವ ಗೋಡೆಯೂ ಒಂದೆರಡು ಮಿಪ್ ಬಿಟ್ಟುಕೊಡಬೇಕಾಗುತ್ತದೆ. ಅದು ನಿಮ್ಮ ಸೋಪಿನ ನೀರು.

2500ಕ್ಕೆ ಏರಿಸಿದಾಗ ತಡವರಿಸಿದ್ದಕ್ಕೂ ಇದೇ ಮೂಲ. ಕಾರ್ಡ್‌ನಲ್ಲಿ ಟೆಕ್ಸ್ಚರ್ ಒಂದೇ ಇರುವುದಲ್ಲ. ಮೆಶ್, ನೆರಳು, ರೆಂಡರ್ ಟಾರ್ಗೆಟ್ ಎಲ್ಲಕ್ಕೂ ಜಾಗ ಬೇಕು. 6 ಜಿಬಿ ತುಂಬಿ ಚೆಲ್ಲಿದರೆ ಉಳಿದದ್ದು ಸಿಸ್ಟಂ ಮೆಮೊರಿಗೆ ಹೋಗುತ್ತದೆ, ಪ್ರತಿ ಫ್ರೇಮ್ ಬಸ್ ದಾಟಿ ಬರಬೇಕು.

ಎಡಿಟರ್‌ನಲ್ಲಿ `Required Texture Resolution` ಅನ್ನುವ ನೋಟ ಇದೆ, ಅದನ್ನು ಹಾಕಿ ಒಮ್ಮೆ ಆ ಗೋಡೆ ನೋಡಿ. ಪರದೆಗೆ ಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಬಂದು ಕೂತಿದೆ ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ.

ನಾನೈಟ್_ಭಕ್ತ

ಇಷ್ಟೆಲ್ಲ ಯಾಕೆ? ನಾನೈಟ್ ಆನ್ ಮಾಡಿ. ಸ್ಟ್ರೀಮಿಂಗ್ ತಾನೇ ನೋಡಿಕೊಳ್ಳುತ್ತದೆ. ಈ ಕಾಲದಲ್ಲೂ ಕೈಯಲ್ಲಿ ಎಲ್‌ಒಡಿ ಮಾಡೋರು ಇದ್ದಾರಾ?

ಮಧ್ಯರಾತ್ರಿ_ಬಿಲ್ಡ್

@ನಾನೈಟ್_ಭಕ್ತ ನಾನೈಟ್ ನೋಡಿಕೊಳ್ಳುವುದು ತ್ರಿಕೋನಗಳನ್ನು. ಇವರ ಗೋಡೆ ಮಬ್ಬಾಗಿರುವುದು ಟೆಕ್ಸ್ಚರ್‌ನಿಂದ. ಗೋಡೆಯ ಪ್ರತಿ ಇಟ್ಟಿಗೆಗೂ ತ್ರಿಕೋನ ಕೊಟ್ಟರೂ ಅದರ ಮೇಲಿನ ಬಣ್ಣ 64 ಪಿಕ್ಸೆಲ್ ಆಗಿದ್ದರೆ ಸೋಪಿನ ನೀರೇ.

ನಾನೈಟ್_ಭಕ್ತ

ಹಾಗಾದರೆ ವರ್ಚುಯಲ್ ಟೆಕ್ಸ್ಚರ್. ಕಾಣುವ ತುಂಡು ಮಾತ್ರ ತರುತ್ತದೆ. ಡಬ್ಬಿ ಲೆಕ್ಕವೇ ಇಲ್ಲ.

ಮಧ್ಯರಾತ್ರಿ_ಬಿಲ್ಡ್

ಅದು ಸರಿ, ಮೆಮೊರಿ ಮಟ್ಟಿಗೆ. ಆದರೆ ಕಾಣುವ ತುಂಡು ಮಾತ್ರ ತರುವುದೇ ಅದರ ಕಷ್ಟ ಕೂಡ. ಕಾಣುವ ತನಕ ಕೇಳುವುದಿಲ್ಲ. ಜಿಪಿಯು ಈ ಫ್ರೇಮ್‌ನಲ್ಲಿ ಯಾವ ತುಂಡು ಮುಟ್ಟಿತು ಅಂತ ಬರೆದಿಡುತ್ತದೆ, ಅದನ್ನು ಸಿಪಿಯು ಓದುವಷ್ಟರಲ್ಲಿ ಎರಡು ಮೂರು ಫ್ರೇಮ್ ಆಗಿರುತ್ತದೆ, ಆಮೇಲೆ ಡಿಸ್ಕ್. 2011ರ ರೇಜ್ ಇಡೀ ಜಗತ್ತನ್ನೇ ಹೀಗೆ ಮಾಡಿತ್ತು. ಥಟ್ಟನೆ ಹಿಂದೆ ತಿರುಗಿದರೆ ಎದುರಿಗಿದ್ದದ್ದು ಮಬ್ಬಿನಿಂದ ಶುರುವಾಗುತ್ತಿತ್ತು. ಬಂದ ಹೊಸದರಲ್ಲಿ ಎಲ್ಲರೂ ಮಾತಾಡಿದ್ದು ಅದನ್ನೇ.

ಹಳೇ_ಎಂಜಿನ್

ಎರಡನ್ನೂ ಬೆರೆಸಿದರೆ ಚೆನ್ನ. ಎದುರಿಗಿರುವುದನ್ನು ಜಿಪಿಯು ಹೇಳಲಿ, ಬೆನ್ನ ಹಿಂದಿನದನ್ನು ದೂರದ ಲೆಕ್ಕ ಹೇಳಲಿ. ನಮ್ಮ ಎಂಜಿನ್‌ನಲ್ಲಿ ಬೆನ್ನ ಹಿಂದೆ ಇರುವ ಎಲ್ಲವನ್ನೂ ಒಂದು ಮಿಪ್ ಕಮ್ಮಿ ಇಟ್ಟುಕೊಳ್ಳುತ್ತೇವೆ. ಒಂದು ಮಿಪ್ ಇಳಿಸಿದರೆ ತೂಕ ಕಾಲು ಭಾಗಕ್ಕೆ ಬರುತ್ತದೆ. ತಿರುಗಿದಾಗ ಒಂದು ಮಿಪ್ ಕೊರತೆ ಕಾಲು ಸೆಕೆಂಡ್ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕ್ಯಾಮೆರಾ ತಿರುಗುತ್ತಿರುತ್ತದಲ್ಲ. ಮೂರು ಮಿಪ್ ಕೊರತೆ ಇದ್ದರೆ ಎಲ್ಲರಿಗೂ ಕಾಣುತ್ತದೆ. ಪಾಪ್-ಇನ್ ಅಂದರೆ ತಡ ಅಷ್ಟೇ ಅಲ್ಲ, ತಡ ಮತ್ತು ದೊಡ್ಡ ಜಿಗಿತ ಎರಡೂ ಸೇರಿದ್ದು.

ಯೂನಿಟಿ_ಒಂಟಿ

ನನ್ನದು ಯೂನಿಟಿ, ಒಬ್ಬನೇ ಮಾಡ್ತಿರೋದು. ನನ್ನ ಕಥೆ ಕೇಳಿ. ಮಿಪ್‌ಮ್ಯಾಪ್ ಸ್ಟ್ರೀಮಿಂಗ್ ಆನ್ ಮಾಡಿದೆ, ಬಜೆಟ್ 512 ಇತ್ತು. ಎಲ್ಲ ಮಬ್ಬು. ಟೆಕ್ಸ್ಚರ್ ಕಮ್ಮಿ ಮಾಡ್ತಾ ಹೋದೆ, ಆದರೂ ಮಬ್ಬು. ಎರಡು ವಾರ ಹೋಯಿತು. ಆಮೇಲೆ ಕೈಪಿಡಿಯನ್ನು ಸರಿಯಾಗಿ ಓದಿದೆ. `QualitySettings.streamingMipmapsMemoryBudget` ಅನ್ನುವುದು ಸ್ಟ್ರೀಮ್ ಆಗುವ ಟೆಕ್ಸ್ಚರ್‌ಗೆ ಮಾತ್ರ ಅಲ್ಲ, ಆಗದಿರುವುದೂ ಅದೇ ಲೆಕ್ಕದಲ್ಲಿ! ನನ್ನ ಮೆನು ಚಿತ್ರಗಳು, ಯುಐ ಅಟ್ಲಾಸ್ ಎಲ್ಲ ಸೇರಿ 400 ಎಂಬಿ ಮೊದಲೇ ಕೂತಿತ್ತು. ಉಳಿದ ನೂರು ಎಂಬಿಗೆ ಇಡೀ ಜಗತ್ತು ಜಗಳ ಆಡ್ತಿತ್ತು.

ಎಲ್ಲದಕ್ಕೂ_ಎಸ್ಎಸ್‌ಡಿ

ಇನ್ನೊಂದು ಸುಲಭ ದಾರಿ, ಟೆಕ್ಸ್ಚರ್ ಅನ್ನು ಜೆಪೆಗ್ ಮಾಡಿ. 21 ಎಂಬಿ ಇದ್ದದ್ದು 3 ಎಂಬಿ ಆಗುತ್ತೆ.

ಮಧ್ಯರಾತ್ರಿ_ಬಿಲ್ಡ್

ಡಿಸ್ಕ್‌ನಲ್ಲಿ 3 ಆಗುತ್ತದೆ. ಜಿಪಿಯು ಜೆಪೆಗ್ ಓದಿ ಸ್ಯಾಂಪಲ್ ಮಾಡಲ್ಲ ಗುರುವೇ. ಬಿಚ್ಚಿ ಹಾಗೇ ಇಟ್ಟರೆ ಟೆಕ್ಸೆಲ್‌ಗೆ ನಾಲ್ಕು ಬೈಟ್, ಅಂದರೆ ಬಿಸಿ7ಗಿಂತ ನಾಲ್ಕು ಪಟ್ಟು ಜಾಸ್ತಿ. ಮತ್ತೆ ಬಿಸಿ7ಗೆ ಹಿಂಡಬೇಕು ಅಂದರೆ ಆಟದ ನಡುವೆ ಅಷ್ಟು ಪುರುಸೊತ್ತು ಎಲ್ಲಿದೆ? ಬಿಸಿ7 ಮೇಲೇ ಇನ್ನೊಂದು ಸುತ್ತು ಜಿಪ್ ಥರದ್ದು ಹಾಕಿ ಡಿಸ್ಕ್‌ನಲ್ಲಿ ಇಡುವುದು ವಾಡಿಕೆ. ಅದು ಓದುವ ಸಮಯ ಉಳಿಸುತ್ತದೆ, ಕಾರ್ಡ್ ಮೆಮೊರಿ ಅಲ್ಲ.

ಎಲ್ಲದಕ್ಕೂ_ಎಸ್ಎಸ್‌ಡಿ

ಓ ಹಾಗಾ. ಸರಿ, ಎಸ್ಎಸ್‌ಡಿ ಮಾತು ಮಾತ್ರ ಹಿಂದೆ ತಗೋಳಲ್ಲ.

ಗೋಡೆಗುದ್ದಿದವ

ಎರಡು ದಿನ ಆದ ಮೇಲೆ ವಾಪಸ್ ಬಂದೆ. ಮರ್ಜ್ ಮಾಡಿದ್ದನ್ನು 30 ಮೀಟರ್ ತುಂಡುಗಳಾಗಿ ಒಡೆದೆ. `Build Texture Streaming` ಕೂಡ ಮತ್ತೆ ಓಡಿಸಿದೆ. `Required Pool` 2900ರಿಂದ 1300ಕ್ಕೆ ಇಳಿಯಿತು! ಪೂಲ್ ವಾಪಸ್ 1500. ಕೆಂಪು ಸಾಲು ಮಾಯ.

ಆದರೆ ಒಂದು ವಿಚಿತ್ರ. ನೇರವಾಗಿ ಇರುವ ಬೀದಿಯಲ್ಲಿ ಲೆಕ್ಕ ತುಂಬಾ ಕಮ್ಮಿ. ಓರೆಯಾಗಿ ಹೋಗುವ ಬೀದಿಗೆ ಬಂದರೆ ಮತ್ತೆ ಏರುತ್ತದೆ. ಗೋಡೆ ಅದೇ, ಟೆಕ್ಸ್ಚರ್ ಅದೇ.

ಹಳೇ_ಎಂಜಿನ್

ವಿಚಿತ್ರ ಏನಿಲ್ಲ. ಆ ಡಬ್ಬಿ ಯಾವಾಗಲೂ ಜಗತ್ತಿನ ಅಕ್ಷಗಳಿಗೆ ಸಮನಾಗಿ ನಿಲ್ಲುತ್ತದೆ, ಗೋಡೆ ಜೊತೆ ತಿರುಗುವುದಿಲ್ಲ. ಅಕ್ಷದ ಉದ್ದಕ್ಕೆ ಇರುವ 30 ಮೀಟರ್ ಗೋಡೆಗೆ ತೆಳ್ಳನೆ ಡಬ್ಬಿ. ಅದನ್ನೇ 45 ಡಿಗ್ರಿ ತಿರುಗಿಸಿ, ಡಬ್ಬಿ 21 ಮೀಟರ್ ಅಗಲ 21 ಮೀಟರ್ ಉದ್ದ ಆಗುತ್ತದೆ. ರಸ್ತೆ ಆ ಡಬ್ಬಿ ಒಳಗೇ ಬಂತು. ದೂರ ಮತ್ತೆ ಸೊನ್ನೆ. ಮೂಲೆ ತಿರುಗುವ ಗೋಡೆಯನ್ನು ಒಂದೇ ತುಂಡಿನಲ್ಲಿ ಇಟ್ಟರೂ ಇದೇ ಕಥೆ. ಓರೆ ಬೀದಿಯಲ್ಲಿ 8 ಮೀಟರ್‌ಗೆ ಒಂದರಂತೆ ಒಡೆಯಿರಿ, ಮೂಲೆಯಲ್ಲಿ ಕಡ್ಡಾಯವಾಗಿ ಒಡೆಯಿರಿ. ಡ್ರಾ ಕಾಲ್ ಸ್ವಲ್ಪ ಏರುತ್ತದೆ, ಅದು ಕೊಡಬೇಕಾದ ಬೆಲೆ.

ಗೋಡೆಗುದ್ದಿದವ

ಒಡೆದೆ. ಈಗ ಇಡೀ ಊರಲ್ಲಿ 640 ದಾಟುತ್ತಿಲ್ಲ. ನಡೆದು ಹೋದರೆ ಎಲ್ಲೂ ಮಬ್ಬಿಲ್ಲ, ನಿಜಕ್ಕೂ ಖುಷಿ ಆಯಿತು. ಬೈಕ್‌ನಲ್ಲಿ ಜೋರಾಗಿ ಬಂದರೆ ಮಾತ್ರ ಇನ್ನೂ ಕಾಣುತ್ತದೆ. ಮೊದಲಿನಷ್ಟು ಅಲ್ಲ. ಒಂದು ಟೆಕ್ಸ್ಚರ್‌ಗೆ ಲಾಗ್ ಬರೆಸಿದೆ:

```
wall_07_n  ask 0.000  read 0.061  gpu 0.094  mip 4->3
wall_07_n  ask 0.512  read 0.580  gpu 0.611  mip 3->2
```

ಕೇಳಿದ ಮೇಲೆ ನೂರು ಮಿಲಿಸೆಕೆಂಡ್‌ನಲ್ಲೇ ಬರುತ್ತಿದೆ. ಹಾಗಾದರೆ ಡಿಸ್ಕ್ ತಪ್ಪಲ್ಲ ಅಲ್ವಾ?

ಹಳೇ_ಎಂಜಿನ್

ಚೆನ್ನಾಗಿ ಅಳೆದಿದ್ದೀರಿ. ಡಿಸ್ಕ್ ತಪ್ಪಲ್ಲ. ಈಗ ಉಳಿದಿರುವುದು ಎರಡನೇ ಕಾಯಿಲೆ, ತಡವಾಗಿ ಕೇಳುವುದು. ಎರಡು `ask` ನಡುವೆ ಅರ್ಧ ಸೆಕೆಂಡ್ ಇದೆ ನೋಡಿ. ಎಲ್ಲ ವಸ್ತುಗಳ ಲೆಕ್ಕ ಒಂದು ಸುತ್ತು ಮುಗಿಯಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ. ನಡೆಯುವವನಿಗೆ ಅದು ಸಾಕು. ಬೈಕ್ ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡ್‌ಗೆ 25 ಮೀಟರ್. ಗೋಡೆ 14.6 ಮೀಟರ್‌ನಿಂದ 7.3ಕ್ಕೆ ಬರಲು 0.3 ಸೆಕೆಂಡ್ ಸಾಕು, ಅಷ್ಟರಲ್ಲಿ ಒಂದು ಮಿಪ್ ಜಾಸ್ತಿ ಬೇಕು. ನೀವು ಕೇಳುವ ಹೊತ್ತಿಗೆ ಬೈಕ್ ದಾಟಿ ಹೋಗಿರುತ್ತದೆ.

ಈಗ ಇರುವ ದೂರ ಬಿಡಿ, ಇನ್ನು ಅರ್ಧ ಸೆಕೆಂಡ್ ಆದ ಮೇಲೆ ಇರುವ ದೂರಕ್ಕೆ ಕೇಳಿ. ನಮ್ಮದರಲ್ಲಿ ಹೀಗಿದೆ:

```cpp
float closing = max(dot(velocity, dirToObject), 0.0f);
float d = max(dist - closing * 0.6f, minDist);
float mip = log2(texelsPerMeter * d / pixelsAt1m);
```

0.6 ಅನ್ನುವುದು ಸುಮ್ಮನೆ ಇಟ್ಟ ಅಂಕಿ ಅಲ್ಲ. ಒಂದು ಸುತ್ತಿನ 0.5, ಬರುವ 0.1, ಎರಡೂ ಕೂಡಿಸಿದ್ದು. ನಿಮ್ಮ ಲಾಗ್‌ನಿಂದಲೇ ತೆಗೆದುಕೊಂಡೆ. `dot` ಇರುವುದು ಎದುರು ಬರುತ್ತಿರುವ ವಸ್ತುವಿಗೆ ಮಾತ್ರ ಜಾಸ್ತಿ ಕೇಳಲು. ಹಿಂದೆ ಸರಿಯುತ್ತಿರುವುದಕ್ಕೆ ಬೇಡ. `minDist` ನಿಮ್ಮಲ್ಲಿ 4 ಇಡಿ, ಬೈಕ್ ಮೇಲಿರುವ ತನಕ. ಇಳಿದರೆ 1. ಅನ್‌ರಿಯಲ್‌ನ ಒಳಗೆ ಕೈ ಹಾಕಲು ಮನಸ್ಸಿಲ್ಲದಿದ್ದರೆ ಬೈಕಿಗಿಂತ 15 ಮೀಟರ್ ಮುಂದೆ ಇನ್ನೊಂದು ನೋಟದ ಜಾಗ ಸ್ಟ್ರೀಮಿಂಗ್‌ಗೆ ಕೊಡಿ. ಸ್ವಲ್ಪ ಒರಟು, ಆದರೆ ಕೆಲಸ ಆಗುತ್ತದೆ. ಕಟ್‌ಸೀನ್‌ಗೆ, ಒಂದೂರಿಂದ ಇನ್ನೊಂದೂರಿಗೆ ಹಾರುವಾಗಲೂ ಇದೇ ಉಪಾಯ. ಕ್ಯಾಮೆರಾ ಹೋಗುವ ಒಂದೆರಡು ಸೆಕೆಂಡ್ ಮೊದಲೇ ಆ ಜಾಗ ಹೇಳಿಬಿಡಿ.

ಎಲ್ಲದಕ್ಕೂ_ಎಸ್ಎಸ್‌ಡಿ

ಅವರ ಲಾಗ್ 61 ಮಿಲಿಸೆಕೆಂಡ್ ಬಂದಿದೆ ಅಂದರೆ ಎಸ್ಎಸ್‌ಡಿನೇ ಇರಬೇಕು. ನಾನು ಹೇಳಿದ್ದು ಅದನ್ನೇ. ತಿರುಗೋ ಡಿಸ್ಕ್‌ನಲ್ಲಿ ಓಡಿಸಿ ನೋಡಲಿ.

ಹಳೇ_ಎಂಜಿನ್

ಅದು ನ್ಯಾಯವಾದ ಮಾತು, ನೋಡಲೇಬೇಕು. ಆದರೆ ಅಲ್ಲೂ ಡಿಸ್ಕ್‌ಗಿಂತ ಮೊದಲು ಸಾಲು ನೋಡಿ. ಸೆಕೆಂಡ್‌ಗೆ 100 ಎಂಬಿ ಕೊಡುವ ಡಿಸ್ಕ್‌ಗೆ 4096ರ ಮೇಲಿನ ಮಿಪ್ ಒಂದು, ಅಂದರೆ 16 ಎಂಬಿ, ಓದಲು 0.16 ಸೆಕೆಂಡ್. ಅಂಥವು ಹತ್ತು ಸಾಲಿನಲ್ಲಿ ಮುಂದೆ ನಿಂತರೆ ಹಿಂದಿನ ಪುಟ್ಟ 64 ಕೆಬಿ ಮಿಪ್ ಒಂದೂವರೆ ಸೆಕೆಂಡ್ ಕಾಯಬೇಕು. ಮಬ್ಬಾಗಿ ಕಾಣುವುದು ಆ ಪುಟ್ಟದ್ದಕ್ಕೆ ಕಾದವನೇ. ಹಾಗಾಗಿ ಯಾರಿಗೆ ಕೊರತೆ ಜಾಸ್ತಿ ಇದೆಯೋ ಅವರು ಮುಂದೆ. ಎಲ್ಲರೂ ಒಂದು ಮಿಪ್ ಕೊರತೆಗೆ ಬರುವ ತನಕ ಯಾರಿಗೂ ಮೇಲಿನ ಮಿಪ್ ಇಲ್ಲ. ದಾಟಿ ಹೋದದ್ದರ ಬೇಡಿಕೆಯನ್ನು ಸಾಲಿನಿಂದ ಕಿತ್ತು ಹಾಕಿ.

ಬಣ್ಣದ_ಡಬ್ಬಿ

ಒಂದು ಪ್ರಶ್ನೆ. ನಾರ್ಮಲ್ ಮ್ಯಾಪ್ ಅನ್ನು ಯಾವಾಗಲೂ ಬಣ್ಣಕ್ಕಿಂತ ಒಂದು ಮಿಪ್ ಕೆಳಗೆ ಇಟ್ಟರೆ? ಮೂರರಲ್ಲಿ ಒಂದರ ಮುಕ್ಕಾಲು ಉಳಿಯಿತಲ್ಲ. ಯಾರಿಗೂ ಗೊತ್ತಾಗಲ್ಲ ಅನಿಸುತ್ತದೆ.

ಮಧ್ಯರಾತ್ರಿ_ಬಿಲ್ಡ್

ಒಣ ಗೋಡೆಗೆ ಗೊತ್ತಾಗಲ್ಲ. ಒದ್ದೆ ರಸ್ತೆ, ಲೋಹಕ್ಕೆ ಹಾಗೆ ಮಾಡಿ ನೋಡಿ. ಹೊಳಪು ಬೇರೆಯೇ ಆಗಿಬಿಡುತ್ತದೆ. ನನಗೆ ಒಪ್ಪಿಗೆ ಇಲ್ಲ.

ಹಳೇ_ಎಂಜಿನ್

ನಾವು ಮಾಡುತ್ತೇವೆ, ಮೆಟೀರಿಯಲ್ ನೋಡಿ. ಒಂದೇ ನಿಯಮ ಎಲ್ಲದಕ್ಕೂ ಹಾಕಿದರೆ ಜಗಳ ತಪ್ಪಿದ್ದಲ್ಲ.

ಮಧ್ಯರಾತ್ರಿ_ಬಿಲ್ಡ್

ನನ್ನದೂ ಸ್ವಂತ ಎಂಜಿನ್. ಇಲ್ಲಿ ಯಾರಿಗಾದರೂ ಉಪಯೋಗ ಆಗಬಹುದು ಅಂತ ಒಂದು ಕಥೆ. ಹೊಸ ಮಿಪ್ ಬಂದ ತಕ್ಷಣ ತೋರಿಸಬೇಡಿ, ಕಾಲು ಸೆಕೆಂಡ್‌ನಲ್ಲಿ ಮೆಲ್ಲಗೆ ಚುರುಕು ಮಾಡಿ ಅಂತ ಎಲ್ಲೋ ಓದಿ ಹಾಗೇ ಮಾಡಿದೆ. ಶೇಡರ್‌ನಲ್ಲಿ ಒಂದೇ ಸಾಲು:

```hlsl
float4 c = tex.Sample(samp, uv, int2(0, 0), minLod);
```

`minLod` ಅನ್ನು 1.0ರಿಂದ 0.0ಗೆ ಇಳಿಸುತ್ತಾ ಬರುವುದು. ಟ್ರೈಲಿನಿಯರ್ ಇದ್ದರೆ ನಡುವಿನ ಭಿನ್ನಾಂಕವೂ ನುಣ್ಣಗೆ ಬೆರೆಯುತ್ತದೆ. ಚಂದ ಕಂಡಿತು. ಆದರೆ ಆಗಾಗ ಗೋಡೆ ಒಂದೇ ಒಂದು ಫ್ರೇಮ್ ಮಿಂಚುತ್ತಿತ್ತು. ಚುರುಕು, ಮಬ್ಬು, ಮತ್ತೆ ಚುರುಕು. ವಿಡಿಯೋ ಮಾಡಿ ಫ್ರೇಮ್ ಫ್ರೇಮ್ ನೋಡಿದರೆ ಮಾತ್ರ ಸಿಗುತ್ತಿತ್ತು. ಒಂದು ತಿಂಗಳು ತಲೆ ಕೆಡಿಸಿಕೊಂಡೆ.

ನಾನು ಹೊಸ ಮಿಪ್ ಬಂದಾಗ ಟೆಕ್ಸ್ಚರ್ ಅನ್ನೇ ಒಂದು ಅಳತೆ ದೊಡ್ಡದಾಗಿ ಮತ್ತೆ ಕಟ್ಟುತ್ತಿದ್ದೆ. ಆಗ ಹಳೇ ಮಿಪ್ 0 ಹೊಸದರಲ್ಲಿ ಮಿಪ್ 1 ಆಗುತ್ತದೆ. ಹಾಗಾಗಿ ಟೆಕ್ಸ್ಚರ್ ಬದಲಾದ ಅದೇ ಫ್ರೇಮ್‌ನಲ್ಲಿ `minLod`ಗೆ ಒಂದು ಕೂಡಿಸಬೇಕು. ನನ್ನ `minLod` ಬೇರೆ ಬಫರ್‌ನಲ್ಲಿತ್ತು, ಒಂದು ಫ್ರೇಮ್ ತಡವಾಗಿ ಹೋಗುತ್ತಿತ್ತು. ಅಷ್ಟೇ.

ಹಳೇ_ಎಂಜಿನ್

ಹಹ್ಹಾ, ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ. ರಿಸರ್ವ್ಡ್ ರಿಸೋರ್ಸ್ ಬಳಸಿದರೆ ಈ ಗೋಳಿಲ್ಲ. ಪೂರ್ತಿ ಅಳತೆಯ ವಿಳಾಸ ಮೊದಲೇ ಕಾದಿರಿಸಿ, 64 ಕೆಬಿ ತುಂಡುಗಳನ್ನು ಬಂದ ಹಾಗೆ ಅಂಟಿಸುವುದು. ಮಿಪ್ ನಂಬರ್ ಬದಲಾಗುವುದೇ ಇಲ್ಲ. ಆದರೆ ಅಂಟಿಸುವ ಕೆಲಸ ಪುಕ್ಕಟೆ ಅಲ್ಲ, ಒಂದೇ ಫ್ರೇಮ್‌ನಲ್ಲಿ ನೂರಾರು ಮಾಡಬೇಡಿ.

ಯೂನಿಟಿ_ಒಂಟಿ

ಇನ್ನೊಂದು ಸೇರಿಸುತ್ತೇನೆ. ಅಪ್‌ಸ್ಕೇಲರ್ ಆನ್ ಮಾಡಿದ ಮೇಲೆ ನನ್ನ ಟೆಕ್ಸ್ಚರ್ ಎಲ್ಲ ಒಂದು ಹಂತ ಮಂಕಾದವು. ನೋಡಿದರೆ ಸ್ಟ್ರೀಮಿಂಗ್ ಲೆಕ್ಕ ಒಳಗಿನ ಅರ್ಧ ರೆಸಲ್ಯೂಷನ್‌ನಲ್ಲಿ ನಡೀತಿತ್ತು. ಅರ್ಧ ಅಂದರೆ ಸರಿಯಾಗಿ ಒಂದು ಮಿಪ್. ಪರದೆಯ ಅಳತೆಗೆ ಲೆಕ್ಕ ಹಾಕಿಸಿದೆ, ಸರಿ ಹೋಯಿತು. ಮೆಮೊರಿ ಏರಿತು, ಅದು ಬೇರೆ ಮಾತು.

ತ್ರಿಕೋನ_ಗಿರಾಕಿ

ಎಲ್ಲರೂ ಟೆಕ್ಸ್ಚರ್ ಬಗ್ಗೆಯೇ ಮಾತಾಡ್ತಿದ್ದೀರಿ. ಮೆಶ್ ಕೂಡ ಸ್ಟ್ರೀಮ್ ಮಾಡಬೇಕಲ್ಲ? ಟೆಕ್ಸ್ಚರ್ ಮಬ್ಬಾದರೆ ಕ್ಷಮಿಸಬಹುದು. ಚಾವಣಿ ಇದ್ದಕ್ಕಿದ್ದ ಹಾಗೆ ಆಕಾರ ಬದಲಿಸಿದರೆ ಓರೆಗಣ್ಣಿಗೂ ಬೀಳುತ್ತದೆ.

ನನ್ನದು ಸಣ್ಣ ಅನುಭವ. ದೂರದ ಒರಟು ಮೆಶ್ ಯಾವಾಗಲೂ ಮೆಮೊರಿಯಲ್ಲೇ ಇರುತ್ತದೆ, ಹತ್ತಿರದ ನಯವಾದದ್ದು ಡಿಸ್ಕಿಂದ ಬರುತ್ತದೆ. ಎರಡರ ನಡುವೆ ಚುಕ್ಕಿ ಚುಕ್ಕಿಯಾಗಿ ಬೆರೆಸುವ ಡಿದರ್ ಇಟ್ಟಿದ್ದೆ. ಆದರೂ ಟಕ್ ಅನ್ನುತ್ತಿತ್ತು. ಬೆರಕೆಯನ್ನು ದೂರದಿಂದ ಲೆಕ್ಕ ಹಾಕುತ್ತಿದ್ದೆ, 40 ಮೀಟರ್‌ಗೆ ಶುರು, 35ಕ್ಕೆ ಮುಗಿ ಅಂತ. ಮೆಶ್ ತಡವಾಗಿ 33 ಮೀಟರ್‌ನಲ್ಲಿ ಬಂದರೆ? ಬೆರಕೆ ಆಗಲೇ ಮುಗಿದಿರಬೇಕಾದ ಜಾಗ, ಹಾಗಾಗಿ ನೇರ ಜಿಗಿತ. ಈಗ ಬೆರಕೆಯ ಗಡಿಯಾರ ಮೆಶ್ ಬಂದ ಕ್ಷಣದಿಂದ ಶುರು. ಬರುವ ತನಕ ಹಳೆಯದನ್ನು ಬಿಡುವುದಿಲ್ಲ.

ಗೋಡೆಗುದ್ದಿದವ

ಇದು ಒಳ್ಳೆ ಮಾತು, ಬರೆದಿಟ್ಟುಕೊಂಡೆ. ಹಳೆಯದು ಹೊಸದು ಎರಡೂ ಒಟ್ಟಿಗೆ ಇರಬೇಕು ಅಂದರೆ ಮೆಮೊರಿ?

ತ್ರಿಕೋನ_ಗಿರಾಕಿ

ಒರಟು ಮೆಶ್ ಹೇಗಿದ್ದರೂ ಅಲ್ಲೇ ಇರುತ್ತದೆ, ಅದಕ್ಕೆ ಹೊಸ ಖರ್ಚಿಲ್ಲ. ನಡುವಿನ ಹಂತಗಳು ಜಾಸ್ತಿ ಇದ್ದರೆ ಖರ್ಚು. ನಾನು ಮೂರೇ ಇಟ್ಟಿದ್ದೇನೆ.

ಮತ್ತೆ ದಯವಿಟ್ಟು ಕೊಲಿಷನ್ ಅನ್ನು ಸ್ಟ್ರೀಮ್ ಆಗುವ ಮೆಶ್‌ಗೆ ಕಟ್ಟಬೇಡಿ. ನನ್ನ ಕಾರು ಸೇತುವೆ ಬರುವ ಮೊದಲೇ ಸೇತುವೆ ಮೇಲೆ ಹೋಗಿ ನೀರಿಗೆ ಬಿತ್ತು.

ಸುಮ್ನೆ_ಓದುವವ

ಕಾರಿಗೆ ಈಜು ಬರ್ತಿತ್ತಾ?

ನಾನೈಟ್_ಭಕ್ತ

ಈಗಲಾದರೂ ಹೇಳಬಹುದಾ? ಮೆಶ್ ಮಾತು ಬಂತು. ನಾನೈಟ್.

ಮಧ್ಯರಾತ್ರಿ_ಬಿಲ್ಡ್

ಈಗ ಹೇಳಬಹುದು 😄 ಗೋಡೆ ಚಾವಣಿಗೆ ಸರಿಯಾದ ಮದ್ದೇ. ಆದರೆ ಅದಕ್ಕೂ ತನ್ನದೇ ಪೂಲ್ ಇದೆ, `r.Nanite.Streaming.StreamingPoolSize`. 6 ಜಿಬಿಯಲ್ಲಿ ಅದಕ್ಕೆ ಎಷ್ಟು, ಟೆಕ್ಸ್ಚರ್‌ಗೆ ಎಷ್ಟು ಅಂತ ಮತ್ತೆ ಪಾಲು ಮಾಡಬೇಕು.

ಗೋಡೆಗುದ್ದಿದವ

ಇವತ್ತಿನ ಸ್ಥಿತಿ ಹೇಳಿಬಿಡುತ್ತೇನೆ. ಮುಂದಿನ ನೋಟದ ಜಾಗ 15 ಮೀಟರ್‌ಗೆ ಇಟ್ಟೆ. ನೇರ ರಸ್ತೆಯಲ್ಲಿ ಬೈಕ್ ಎಷ್ಟು ಜೋರಾಗಿ ಬಂದರೂ ಮಬ್ಬಿಲ್ಲ. ಪೂಲ್ 1000ಕ್ಕೆ ಇಳಿಸಿ ನೋಡಿದೆ, ಅದರಲ್ಲೂ 200 ಉಳಿಯುತ್ತಿದೆ. ತಿರುಗೋ ಡಿಸ್ಕ್ ಒಂದನ್ನು ಗೆಳೆಯನಿಂದ ಕಡ ತಂದಿದ್ದೇನೆ, @ಎಲ್ಲದಕ್ಕೂ_ಎಸ್ಎಸ್‌ಡಿ ಅವರಿಗಾಗಿ.

ಒಂದು ಕಡೆ ಮಾತ್ರ ಸಿಕ್ಕಿಬಿದ್ದಿದ್ದೇನೆ. ಬೀದಿ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಮೊದಲ ಎರಡು ಗೋಡೆ ಮಬ್ಬು. ಬೈಕ್ ನೇರ ಹೋಗುತ್ತದೆ ಅಂತ ಮುಂದಿನ ಜಾಗ ನೇರಕ್ಕೆ ಇದೆ. ಅವನು ತಿರುಗುವುದು ನನಗೆ ಮೊದಲೇ ಹೇಗೆ ಗೊತ್ತಾಗಬೇಕು?

ಹಳೇ_ಎಂಜಿನ್

ಗೊತ್ತಾಗುವುದಿಲ್ಲ. ಆದರೆ ತಿರುಗಬೇಕಾದರೆ ಬ್ರೇಕ್ ಹಿಡಿಯಬೇಕಲ್ಲ. ಬ್ರೇಕ್ ಹಿಡಿದ ಕ್ಷಣ ಮುಂದಿನ ಜಾಗವನ್ನು ಬೈಕಿನ ಹತ್ತಿರಕ್ಕೆ ಎಳೆದುಕೊಳ್ಳಿ. ಆ 200 ಉಳಿದಿದೆಯಲ್ಲ, ಅದರಲ್ಲಿ ಕೂಡುರಸ್ತೆಯ ಎರಡೂ ಬದಿಯ ಗೋಡೆಗೆ ಒಂದು ಮಿಪ್ ಮುಂಚಿತವಾಗಿ ಹಾಕಿ.

ತ್ರಿಕೋನ_ಗಿರಾಕಿ

ಬ್ರೇಕ್ ಹಿಡಿಯದೆ ತಿರುಗುವವರೂ ಇದ್ದಾರೆ ಮೇಡಂ. ನಮ್ಮ ಆಟ ಪರೀಕ್ಷೆ ಮಾಡುವವನು ಒಬ್ಬ ಹಾಗೇ ಆಡುತ್ತಾನೆ.

ಹಳೇ_ಎಂಜಿನ್

ಅವನು ಗೋಡೆಗೆ ಗುದ್ದುತ್ತಾನೆ. ಆಗ ಪೂರ್ತಿ ಮಿಪ್ ತರಲು ಬೇಕಾದಷ್ಟು ಸಮಯ ಸಿಗುತ್ತದೆ.

ಗೋಡೆಗುದ್ದಿದವ

ನನ್ನ ಹೆಸರು ನೋಡಿ ಹೇಳಿದಿರಾ? 😅 ಬ್ರೇಕ್ ಉಪಾಯ ಇವತ್ತು ರಾತ್ರಿಯೇ ಹಾಕುತ್ತೇನೆ. ತಿರುಗೋ ಡಿಸ್ಕ್‌ನ ಲಾಗ್ ಜೊತೆಗೆ ನಾಳೆ ಬರೆಯುತ್ತೇನೆ.